ಹನ್ನೆರಡು ಪಾಯಿಂಟ್ ಎಂದರೆ ಎಷ್ಟು ದೊಡ್ಡದು?

ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಒಂದು ಸಾಲನ್ನು ಟೈಮ್ಸ್ ನ್ಯೂ ರೋಮನ್ ಫಾಂಟಿನಲ್ಲಿ 12 ಪಾಯಿಂಟಿಗೆ ಕೂರಿಸಿ. ಅದೇ ಸಾಲನ್ನು ಅದರ ಕೆಳಗೆ ವರ್ಡಾನಾದಲ್ಲಿ, ಅದರ ಕೆಳಗೆ ಇಬಿ ಗ್ಯಾರಮಂಡ್‌ನಲ್ಲಿ, 12 ಪಾಯಿಂಟನ್ನೇ ಇಟ್ಟು ಬರೆಯಿರಿ. ಮೂರು ಸಾಲೂ ಮೂರು ಗಾತ್ರದಲ್ಲಿ ಕಾಣುತ್ತವೆ. ವರ್ಡಾನಾದ ಸಣ್ಣಕ್ಷರಗಳು ಗ್ಯಾರಮಂಡ್‌ನವಕ್ಕಿಂತ ಮೂರನೇ ಒಂದು ಪಾಲಿಗೂ ಹೆಚ್ಚು ಎತ್ತರ. ತಂತ್ರಾಂಶ ಲೆಕ್ಕ ತಪ್ಪಿಲ್ಲ, ಮುದ್ರಣಯಂತ್ರವೂ ತಪ್ಪಿಲ್ಲ. ಮೂರೂ ನಿಜವಾಗಿ 12 ಪಾಯಿಂಟೇ.

ಸ್ಮರಣ ಸಂಚಿಕೆ ತರುವವರು, ಶಾಲೆಯ ಪಠ್ಯ ಅಣಿಗೊಳಿಸುವವರು, ತಮ್ಮದೇ ಪುಸ್ತಕ ಅಚ್ಚು ಹಾಕಿಸುವವರು ಎಲ್ಲರೂ ಒಂದಲ್ಲ ಒಂದು ದಿನ ಫಾಂಟುಗಳ ಪಟ್ಟಿಯ ಮುಂದೆ ಕೂರಬೇಕಾಗುತ್ತದೆ. ಆಗ ಹೆಚ್ಚಿನವರು ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓಡಿಸಿ, ಕಣ್ಣಿಗೆ ಹಿತವಾದದ್ದನ್ನು ಆರಿಸಿಬಿಡುತ್ತಾರೆ. ಕಣ್ಣಿನ ತೀರ್ಪು ಬೇಡವೆಂದಲ್ಲ, ಕೊನೆಯ ತೀರ್ಪು ಕಣ್ಣಿನದೇ. ಆದರೆ ದೊಡ್ಡದಾಗಿ ಕಂಡದ್ದು ಚೆನ್ನಾಗಿಯೂ ಕಾಣುತ್ತದೆ. ಗಾತ್ರ ಸಮ ಮಾಡದೆ ಎರಡು ಫಾಂಟುಗಳನ್ನು ಅಕ್ಕಪಕ್ಕ ಇಟ್ಟರೆ ನಾವು ಹೋಲಿಸುವುದು ಅವುಗಳ ಗಾತ್ರವನ್ನೇ ಹೊರತು ರೂಪವನ್ನಲ್ಲ. ಮೊದಲು ಅಳೆದು, ಸಮ ಮಾಡಿ, ಆಮೇಲೆ ನೋಡಿದಾಗ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ.

ಪಾಯಿಂಟ್ ಅಳೆಯುವುದು ಅಕ್ಷರವನ್ನಲ್ಲ

ಪಾಯಿಂಟಿನ ಲೆಕ್ಕ ಬಂದದ್ದು ಅಚ್ಚುಮೊಳೆಗಳ ಕಾಲದಿಂದ. ಸೀಸದ ಪುಟ್ಟ ಕಂಬಿಯ ತುದಿಯಲ್ಲಿ ಅಕ್ಷರ ಉಬ್ಬಿ ನಿಂತಿರುತ್ತಿತ್ತು. ಒಂದರ ಪಕ್ಕ ಒಂದನ್ನು ಜೋಡಿಸಿದಾಗ ಸಾಲು ಸಮವಾಗಿ ಕೂರಬೇಕಾದರೆ ಎಲ್ಲ ಮೊಳೆಗಳ ಮೈಯೂ ಒಂದೇ ಅಳತೆಯದಾಗಿರಬೇಕು. 12 ಪಾಯಿಂಟ್ ಎಂದರೆ ಆ ಲೋಹದ ಮೈಯ ಅಳತೆ, ಇಂದಿನ ಲೆಕ್ಕದಲ್ಲಿ ಸುಮಾರು 4.23 ಮಿಲಿಮೀಟರ್. ಆ ಮೈಯೊಳಗೆ ಅಕ್ಷರ ಎಷ್ಟು ಜಾಗ ತುಂಬಬೇಕು ಎಂಬುದನ್ನು ಅಚ್ಚು ಕೆತ್ತುವವನೇ ತೀರ್ಮಾನಿಸುತ್ತಿದ್ದ.

ಸೀಸ ಹೋಯಿತು, ಲೆಕ್ಕ ಉಳಿಯಿತು. ಈಗಿನ ಫಾಂಟ್ ಕಡತದಲ್ಲಿ ಆ ಲೋಹದ ಮೈಯ ಜಾಗದಲ್ಲಿ ಕಣ್ಣಿಗೆ ಕಾಣದ ಒಂದು ಚೌಕವಿದೆ. ಟೈಮ್ಸ್, ಜಾರ್ಜಿಯಾ, ವರ್ಡಾನಾ ಫಾಂಟುಗಳಲ್ಲಿ ಅದರ ಎತ್ತರವನ್ನು 2048 ಪಾಲು ಮಾಡಿದ್ದಾರೆ, ಬೇರೆ ಹಲವು ಫಾಂಟುಗಳಲ್ಲಿ 1000 ಪಾಲು. ಈ ಚೌಕದ ಎಷ್ಟು ಪಾಲನ್ನು ಅಕ್ಷರ ತುಂಬಿದೆ ಎನ್ನುವುದರಲ್ಲೇ ಗುಟ್ಟಿದೆ.

ಶಾಲೆಯಲ್ಲಿ ಇಂಗ್ಲಿಷ್ ಅಕ್ಷರ ತಿದ್ದಿದ ನಾಲ್ಕು ಗೆರೆಯ ಕಾಪಿ ಪುಸ್ತಕವನ್ನು ನೆನಪಿಸಿಕೊಂಡರೆ ಅಕ್ಷರದ ಭಾಗಗಳು ಸುಲಭವಾಗಿ ತಿಳಿಯುತ್ತವೆ. ಮಧ್ಯದ ಎರಡು ಗೆರೆಗಳಲ್ಲಿ ಕೆಳಗಿನದು ಪಾದರೇಖೆ, ಅಕ್ಷರಗಳೆಲ್ಲ ನಿಲ್ಲುವ ನೆಲ. ಆ ಎರಡು ಗೆರೆಗಳ ನಡುವಿನ ಎತ್ತರವೇ ಎಕ್ಸ್-ಹೈಟ್. ಚಿಕ್ಕ ಎಕ್ಸ್ ಅಕ್ಷರ ಅಲ್ಲಿ ಮೇಲೂ ಕೆಳಗೂ ಚಪ್ಪಟೆಯಾಗಿ ಕೂರುವುದರಿಂದ ಅಳತೆಗೆ ಅದರ ಹೆಸರೇ ನಿಂತಿದೆ. ಬಿ, ಡಿ, ಎಚ್‌ಗಳ ಕಂಬ ಮೇಲಿನ ಗೆರೆಯತ್ತ ಏರುತ್ತದೆ. ಈ ಏರುಭಾಗವನ್ನು ಅಸೆಂಡರ್ ಎನ್ನುತ್ತಾರೆ. ಪಿ, ಕ್ಯೂ, ವೈಗಳ ಬಾಲ ಕೆಳಗಿನ ಗೆರೆಯತ್ತ ಇಳಿಯುತ್ತದೆ, ಅದು ಡಿಸೆಂಡರ್. ಓ ಅಕ್ಷರದ ಒಳಗಿನ ಬಿಳಿ, ಇ ಅಕ್ಷರದ ಮೇಲ್ಭಾಗದ ಪುಟ್ಟ ಕಿಂಡಿ, ಎನ್‌ನ ಕಮಾನಿನ ಕೆಳಗಿನ ಬಯಲು, ಹೀಗೆ ಅಕ್ಷರದ ಗೆರೆ ಸುತ್ತುವರಿದ ಖಾಲಿ ಜಾಗಕ್ಕೆ ಕೌಂಟರ್ ಎಂದು ಹೆಸರು. ಕಾಪಿ ಪುಸ್ತಕದಲ್ಲಿ ಗೆರೆಗಳ ಅಂತರವನ್ನು ಅಚ್ಚು ಹಾಕಿದವರು ಗೊತ್ತುಮಾಡಿರುತ್ತಾರೆ, ಫಾಂಟಿನಲ್ಲಿ ಅದನ್ನು ವಿನ್ಯಾಸಕಾರರು ಗೊತ್ತುಮಾಡುತ್ತಾರೆ. ಫಾಂಟುಗಳ ನಡುವಿನ ವ್ಯತ್ಯಾಸ ಶುರುವಾಗುವುದು ಅಲ್ಲಿಂದ.

ಇಂಗ್ಲಿಷಿನ 26 ಸಣ್ಣಕ್ಷರಗಳಲ್ಲಿ ಎ, ಸಿ, ಇ, ಎನ್, ಓ, ಎಸ್ ಮೊದಲಾದ 13 ಅಕ್ಷರಗಳಿಗೆ ಕಂಬವೂ ಇಲ್ಲ, ಬಾಲವೂ ಇಲ್ಲ. ಅವು ಪೂರ್ತಿ ಮಧ್ಯದ ಪಟ್ಟಿಯಲ್ಲೇ ಮುಗಿಯುತ್ತವೆ, ಕಂಬ ಬಾಲ ಇರುವವುಗಳ ಹೊಟ್ಟೆಯೂ ಅಲ್ಲೇ ಇರುತ್ತದೆ. ಓದುವಾಗ ಕಣ್ಣು ಹೆಚ್ಚು ಹೊತ್ತು ಓಡಾಡುವುದು ಆ ಪಟ್ಟಿಯ ಮೇಲೆ. ಹಾಗಾಗಿ ಫಾಂಟ್ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಪಾಯಿಂಟಿಗಿಂತ ಎಕ್ಸ್-ಹೈಟ್ ಚೆನ್ನಾಗಿ ಹೇಳುತ್ತದೆ.

ಒಂದು ಸ್ಕೇಲು ಸಾಕು

ಇದನ್ನು ಅಳೆಯಲು ವಿಶೇಷ ತಂತ್ರಾಂಶ ಬೇಡ. ಚಿಕ್ಕ ಎಕ್ಸ್ ಅಕ್ಷರವನ್ನು 100 ಪಾಯಿಂಟಿಗೆ ಇಟ್ಟು, ಮುದ್ರಣದಲ್ಲಿ ಹಿಗ್ಗಿಸದೆ ಕುಗ್ಗಿಸದೆ ನೂರಕ್ಕೆ ನೂರು ಗಾತ್ರದಲ್ಲಿ ಪ್ರಿಂಟ್ ತೆಗೆಯಿರಿ. 100 ಪಾಯಿಂಟಿನ ಚೌಕ 35.3 ಮಿ.ಮೀ. ಎತ್ತರದ್ದು. ಅಕ್ಷರವನ್ನು ಸ್ಕೇಲಿನಿಂದ ಅಳೆದು 35.3ರಿಂದ ಭಾಗಿಸಿದರೆ ಆ ಫಾಂಟಿನ ಅನುಪಾತ ಸಿಗುತ್ತದೆ. ಅಳೆಯುವಾಗ ಓ ಅಕ್ಷರವನ್ನು ಹಿಡಿಯಬೇಡಿ. ದುಂಡಗಿನ ಅಕ್ಷರಗಳು ಚಪ್ಪಟೆ ಅಕ್ಷರಗಳಷ್ಟೇ ಎತ್ತರ ಇದ್ದರೆ ಕಣ್ಣಿಗೆ ಕುಳ್ಳಾಗಿ ಕಾಣುತ್ತವೆ. ಅದಕ್ಕೆಂದೇ ವಿನ್ಯಾಸಕಾರರು ಅವನ್ನು ಗೆರೆಗಿಂತ ಕೂದಲೆಳೆಯಷ್ಟು ಮೇಲಕ್ಕೂ ಕೆಳಕ್ಕೂ ಚಾಚಿರುತ್ತಾರೆ.

ಹೀಗೆ ಅಳೆದರೆ ಟೈಮ್ಸ್ ನ್ಯೂ ರೋಮನ್ ಸುಮಾರು 15.8 ಮಿ.ಮೀ. ಬರುತ್ತದೆ, ಅಂದರೆ ಚೌಕದ 0.447 ಪಾಲು. ಜಾರ್ಜಿಯಾ 17 ಮಿ.ಮೀ., 0.481 ಪಾಲು. ಇಬಿ ಗ್ಯಾರಮಂಡ್ 14 ಮಿ.ಮೀ. ಆಸುಪಾಸು, 0.40 ಪಾಲು. ವರ್ಡಾನಾ 19 ಮಿ.ಮೀ. ದಾಟಿ 0.545ಕ್ಕೆ ಹೋಗುತ್ತದೆ.

ಈ ಅಂಕಿಗಳು ಸುಮ್ಮನೆ ಬಂದವಲ್ಲ, ಒಂದೊಂದರ ಹಿಂದೆಯೂ ಅದು ಹುಟ್ಟಿದ ಕೆಲಸವಿದೆ. ಗ್ಯಾರಮಂಡ್‌ನ ಮೂಲ 16ನೇ ಶತಮಾನದ ಫ್ರಾನ್ಸಿನ ಪುಸ್ತಕದ ಅಕ್ಷರ. ಕಂಬ ಬಾಲಗಳಿಗೆ ಧಾರಾಳ ಜಾಗ ಬಿಟ್ಟು ಮಧ್ಯದ ಪಟ್ಟಿಯನ್ನು ಚಿಕ್ಕದಾಗಿಟ್ಟ ರೂಪ ಅದು. ಟೈಮ್ಸ್ ನ್ಯೂ ರೋಮನ್ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗಾಗಿ ಸ್ಟ್ಯಾನ್ಲಿ ಮಾರಿಸನ್ ಅವರ ಮೇಲ್ವಿಚಾರಣೆಯಲ್ಲಿ ವಿಕ್ಟರ್ ಲಾರ್ಡೆಂಟ್ ಬರೆದದ್ದು, 1932ರಲ್ಲಿ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡಿತು. ಪತ್ರಿಕೆಯ ಕಿರಿದಾದ ಅಂಕಣದಲ್ಲಿ ಹೆಚ್ಚು ಪದ ಹಿಡಿಯಬೇಕಾಗಿತ್ತು, ಅದಕ್ಕೆ ತಕ್ಕಂತೆ ಅಕ್ಷರಗಳು ಒತ್ತೊತ್ತಾಗಿ ನಿಂತಿವೆ. ಜಾರ್ಜಿಯಾ ಮತ್ತು ವರ್ಡಾನಾ ಎರಡನ್ನೂ ಮ್ಯಾಥ್ಯೂ ಕಾರ್ಟರ್ ಮೈಕ್ರೋಸಾಫ್ಟಿಗಾಗಿ ರೂಪಿಸಿದರು, 1996ರಲ್ಲಿ ಅವು ಬಳಕೆಗೆ ಬಂದವು. ಆ ಕಾಲದ ಕಂಪ್ಯೂಟರ್ ಪರದೆಯ ದಪ್ಪ ಚುಕ್ಕೆಗಳಲ್ಲಿ ಒಂದು ಅಕ್ಷರಕ್ಕೆ ಸಿಗುತ್ತಿದ್ದದ್ದು ಕೆಲವೇ ಚುಕ್ಕೆಗಳು. ಅವನ್ನು ಮಧ್ಯದ ಪಟ್ಟಿಗೆ ಹೆಚ್ಚು ಕೊಟ್ಟಷ್ಟೂ ಓದು ಸಲೀಸು. ವರ್ಡಾನಾದ ಎಕ್ಸ್-ಹೈಟ್ ಅಷ್ಟು ದೊಡ್ಡದಾಗಿರುವುದು ಅದಕ್ಕೇ.

ಸಮ ಮಾಡಿ ನೋಡುವುದು

ಅನುಪಾತ ಸಿಕ್ಕಿದ ಮೇಲೆ ಸಮ ಮಾಡುವುದು ಒಂದು ಭಾಗಾಕಾರ ಅಷ್ಟೇ. ಟೈಮ್ಸ್ 11 ಪಾಯಿಂಟ್ ನಮಗೆ ಒಗ್ಗಿದ ಗಾತ್ರ ಎಂದಿಟ್ಟುಕೊಳ್ಳಿ. ಅದರ ಎಕ್ಸ್-ಹೈಟ್ 11ನ್ನು 0.447ರಿಂದ ಗುಣಿಸಿದರೆ ಬರುವ 4.92 ಪಾಯಿಂಟ್. ಬೇರೆ ಫಾಂಟಿನಲ್ಲಿ ಅಷ್ಟೇ ಎತ್ತರ ಬೇಕಾದರೆ 4.92ನ್ನು ಅದರ ಅನುಪಾತದಿಂದ ಭಾಗಿಸಬೇಕು. ಜಾರ್ಜಿಯಾಕ್ಕೆ 10.2 ಪಾಯಿಂಟ್ ಸಾಕು, ಗ್ಯಾರಮಂಡ್‌ಗೆ 12.3 ಬೇಕು, ವರ್ಡಾನಾ 9ಕ್ಕೇ ಅಲ್ಲಿಗೆ ಮುಟ್ಟುತ್ತದೆ. ಈಗ ನಾಲ್ಕೂ ಒಂದೇ ಗಾತ್ರದಲ್ಲಿ ಕಾಣುತ್ತವೆ, ನಾಲ್ಕಕ್ಕೂ ಬೇರೆ ಬೇರೆ ಪಾಯಿಂಟ್.

ಇಷ್ಟು ಮಾಡಿದ ಕೂಡಲೇ ಕೆಲವು ನಂಬಿಕೆಗಳು ಕಳಚುತ್ತವೆ. ಜಾರ್ಜಿಯಾ ಪುಟ ತಿನ್ನುತ್ತದೆ, ಟೈಮ್ಸ್ ಉಳಿಸುತ್ತದೆ ಎಂಬ ಮಾತಿದೆ. ಎರಡನ್ನೂ ಒಂದೇ ಪಾಯಿಂಟಿಗೆ ಇಟ್ಟರೆ ಅದು ದಿಟ. ಎಕ್ಸ್-ಹೈಟ್ ಸಮ ಮಾಡಿ, ಎ ಇಂದ ಝಡ್‌ವರೆಗಿನ ಸಣ್ಣಕ್ಷರಗಳನ್ನು ಸಾಲಾಗಿ ಕೂರಿಸಿ ಉದ್ದ ಅಳೆಯಿರಿ. ಟೈಮ್ಸ್ 11 ಪಾಯಿಂಟಿನಲ್ಲಿ ಅದು ಸುಮಾರು 131 ಪಾಯಿಂಟ್ ಉದ್ದ, 46 ಮಿ.ಮೀ. ಜಾರ್ಜಿಯಾ 10.2ರಲ್ಲೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಪುಟ ತಿನ್ನುತ್ತಿದ್ದದ್ದು ಜಾರ್ಜಿಯಾದ ರೂಪಕ್ಕಿಂತ ಹೆಚ್ಚಾಗಿ ನಾವು ಕೊಟ್ಟ ಗಾತ್ರ. ಸಣ್ಣಕ್ಷರಗಳ ಈ ಉದ್ದವನ್ನು ಮುದ್ರಣದವರು ಹಿಂದಿನಿಂದಲೂ ಅಳೆಯುತ್ತ ಬಂದಿದ್ದಾರೆ. ಒಂದು ಪುಟದಲ್ಲಿ ಎಷ್ಟು ಪದ ಹಿಡಿಯುತ್ತದೆ ಎಂದು ಅಂದಾಜಿಸಲು ಅದು ಒಳ್ಳೆಯ ದಾರಿ.

ಇನ್ನು ಕಂಬಗಳನ್ನು ನೋಡಿ. ಟೈಮ್ಸಿನಲ್ಲಿ ಎಚ್ ಅಕ್ಷರದ ಕಂಬ ಎಕ್ಸ್-ಹೈಟಿನ ಮೇಲೆ ಅದರ ಅರ್ಧಕ್ಕಿಂತ ತುಸು ಹೆಚ್ಚು ಏರುತ್ತದೆ. ವರ್ಡಾನಾದಲ್ಲಿ ಅರ್ಧಕ್ಕಿಂತ ಕಡಿಮೆ. ಮಧ್ಯದ ಪಟ್ಟಿ ದೊಡ್ಡದಾದಷ್ಟೂ ಕಂಬಕ್ಕೆ ಉಳಿಯುವ ಜಾಗ ಕಿರಿದು. ಕಂಬ ಗಿಡ್ಡವಾದರೆ ಎಚ್ ಮತ್ತು ಎನ್ ಒಂದರ ಹತ್ತಿರ ಒಂದು ಬರುತ್ತವೆ, ಪದಗಳ ಮೇಲಂಚು ಏರಿಳಿತವಿಲ್ಲದೆ ಪಟ್ಟೆಯಂತಾಗುತ್ತದೆ, ಸಾಲುಗಳ ನಡುವಿನ ಬಿಳಿ ಕಡಿಮೆಯಾಗಿ ಪುಟ ಕಪ್ಪಗೆ ಕಾಣುತ್ತದೆ. ಹಾಗಾಗಿ ದೊಡ್ಡ ಎಕ್ಸ್-ಹೈಟಿನ ಫಾಂಟಿಗೆ ಸಾಲಿನ ಅಂತರ, ಅಂದರೆ ಲೀಡಿಂಗ್, ಹೆಚ್ಚು ಬೇಕಾಗುತ್ತದೆ. ಎತ್ತರದಲ್ಲಿ ಉಳಿಸಿದ್ದನ್ನು ಅಂತರದಲ್ಲಿ ಕೊಡಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಫಾಂಟ್ ಕಡತದ ಮಾಹಿತಿಯಲ್ಲಿ ಅಸೆಂಡರ್ ಎಂಬ ಹೆಸರಿನ ಒಂದು ಅಂಕಿ ಸಿಗುತ್ತದೆ. ಟೈಮ್ಸ್ ನ್ಯೂ ರೋಮನ್‌ನಲ್ಲಿ ಅದು 2048ಕ್ಕೆ 1825, ಅಂದರೆ 0.89 ಪಾಲು. ಎಚ್‌ನ ಕಂಬ ನಿಜವಾಗಿ ಮುಟ್ಟುವುದು ಸುಮಾರು 0.68 ಪಾಲಿಗೆ. ಕಡತದ ಅಂಕಿ ಹೇಳುವುದು ಕಂಬದ ಎತ್ತರವನ್ನಲ್ಲ, ತಂತ್ರಾಂಶ ಸಾಲಿನ ಮೇಲೆ ಎಷ್ಟು ಜಾಗ ಕಾಯ್ದಿರಿಸಬೇಕು ಎಂಬುದನ್ನು. ದೊಡ್ಡಕ್ಷರಗಳ ಮೇಲೆ ಕೂರುವ ಸ್ವರಚಿಹ್ನೆಗಳಿಗೂ ಅದರಲ್ಲಿ ಜಾಗ ಬೇಕು. ಮೇಲಿನ ಈ ಜಾಗ, ಕೆಳಗಿನದು, ನಡುವಿನ ಅಂತರ ಮೂರನ್ನೂ ಕೂಡಿದರೆ ಟೈಮ್ಸಿನಲ್ಲಿ ಚೌಕದ 1.15ರಷ್ಟಾಗುತ್ತದೆ. ನಾವು ಏನೂ ಹೇಳದಿದ್ದರೆ ತಂತ್ರಾಂಶ ಕೊಡುವ ಒಂಟಿ ಅಂತರ ಅದೇ, 12 ಪಾಯಿಂಟಿಗೆ 13.8. ಬೇರೆ ಫಾಂಟಿಗೆ ಬದಲಾಯಿಸಿದ ಕೂಡಲೇ ಇದೂ ಬದಲಾಗುತ್ತದೆ. ಎರಡು ಫಾಂಟುಗಳನ್ನು ಹೋಲಿಸುವಾಗ ಲೀಡಿಂಗನ್ನು ಅಂಕಿ ಕೊಟ್ಟು ನಿಗದಿ ಮಾಡದಿದ್ದರೆ, ಅಕ್ಷರ ಚೆಂದವೋ ಸಾಲಿನ ಅಂತರ ಚೆಂದವೋ ತಿಳಿಯುವುದಿಲ್ಲ.

ಬಿಳಿಯ ಕಿಂಡಿಗಳು

ಗಾತ್ರ, ಅಂತರ ಎರಡೂ ಸಮವಾದ ಮೇಲೆ ನೋಡಬೇಕಾದದ್ದು ಕೌಂಟರುಗಳನ್ನು. ಮುದ್ರಣದ ಶಾಯಿ ಕಾಗದದ ಮೇಲೆ ಬಿದ್ದ ಕಡೆಯೇ ನಿಲ್ಲುವುದಿಲ್ಲ, ಸ್ವಲ್ಪ ಹರಡುತ್ತದೆ. ನುಣುಪು ಕಾಗದದಲ್ಲಿ ಕಡಿಮೆ, ಪತ್ರಿಕೆಯ ಒರಟು ಕಾಗದದಲ್ಲಿ ಹೆಚ್ಚು. ಹರಡಿದಾಗ ಗೆರೆ ದಪ್ಪವಾಗುತ್ತದೆ, ಒಳಗಿನ ಬಿಳಿ ಅಷ್ಟೇ ಕಿರಿದಾಗುತ್ತದೆ. ದೊಡ್ಡ ಗಾತ್ರದಲ್ಲಿ ಇದು ಗೊತ್ತೇ ಆಗುವುದಿಲ್ಲ. 8 ಪಾಯಿಂಟಿನ ಅಡಿಟಿಪ್ಪಣಿಯಲ್ಲಿ ಇ ಅಕ್ಷರದ ಕಿಂಡಿ ಮುಚ್ಚಿ ಅದು ಸಿ ಅಥವಾ ಓ ಹಾಗೆ ಕಾಣತೊಡಗುತ್ತದೆ.

ಈ ಸಮಸ್ಯೆಯನ್ನು ನೇರವಾಗಿ ಎದುರಿಸಿದ ಅಕ್ಷರ ಬೆಲ್ ಸೆಂಟೆನಿಯಲ್. ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ಟೆಲಿಫೋನ್ ಡೈರೆಕ್ಟರಿಗಳಿಗಾಗಿ ಮ್ಯಾಥ್ಯೂ ಕಾರ್ಟರ್ ಅವರೇ 1970ರ ದಶಕದಲ್ಲಿ ಅದನ್ನು ರೂಪಿಸಿದರು. ಅಗ್ಗದ ಕಾಗದ, ವೇಗದ ಯಂತ್ರ, ತೀರಾ ಸಣ್ಣ ಅಕ್ಷರ. ಅಂಕಿಯೊಂದು ಮಸುಕಾದರೂ ಕರೆ ಬೇರೆಯವರಿಗೆ ಹೋಗುತ್ತದೆ. ಅವರು ಗೆರೆಗಳು ಕೂಡುವ ಮೂಲೆಗಳಲ್ಲಿ ಆಳವಾದ ಕಚ್ಚುಗಳನ್ನು ಬಿಟ್ಟರು. ಶಾಯಿ ಹರಡಿದಾಗ ಮೊದಲು ಆ ಕಚ್ಚುಗಳನ್ನು ತುಂಬಬೇಕು, ಕೌಂಟರ್ ತೆರೆದೇ ಉಳಿಯಬೇಕು ಎಂಬುದು ಲೆಕ್ಕ. ಇದನ್ನು ಪೋಸ್ಟರಿನಷ್ಟು ದೊಡ್ಡದು ಮಾಡಿ ನೋಡಿದರೆ ಅಕ್ಷರಗಳು ಇಲಿ ಕಚ್ಚಿದಂತಿವೆ, ಡೈರೆಕ್ಟರಿಯ ಗಾತ್ರದಲ್ಲಿ ಸ್ವಚ್ಛವಾಗಿ ನಿಲ್ಲುತ್ತವೆ. ಅಕ್ಷರವನ್ನು ಅದು ಬಾಳಬೇಕಾದ ಗಾತ್ರದಲ್ಲೇ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಕೌಂಟರುಗಳನ್ನು ಪರೀಕ್ಷಿಸುವಾಗ ಇ, ಎ, ಎಸ್ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ. ಒಳಗಿನ ಬಿಳಿಯ ಅಳತೆಯಷ್ಟೇ ಮುಖ್ಯ ಅದರ ಬಾಯಿಯ ಅಗಲ. ಸಿ ಅಕ್ಷರದ ಎರಡು ತುದಿಗಳು ಒಂದನ್ನೊಂದು ಮುಟ್ಟುವಷ್ಟು ಬಾಗಿದ್ದರೆ ಮಸುಕಿನಲ್ಲಿ ಅದು ಓ ಆಗುತ್ತದೆ. ಆರ್ ಮತ್ತು ಎನ್ ಅಕ್ಕಪಕ್ಕ ಬಂದಾಗ ಎಮ್ ಎಂದು ಓದಿಸಿಕೊಳ್ಳುತ್ತದೆಯೇ, ಸಿ ಮತ್ತು ಎಲ್ ಕೂಡಿ ಡಿ ಆಗುತ್ತದೆಯೇ ಎಂದು ಕೂಡ ನೋಡಬೇಕು. ನಮ್ಮಲ್ಲಿ ಶಾಲೆಯ ಟಿಪ್ಪಣಿಗಳು ಜೆರಾಕ್ಸ್ ಆಗದೆ ಇರುವುದಿಲ್ಲ. ಹಾಗಾಗಿ ಮಾದರಿ ಪುಟದ ಜೆರಾಕ್ಸ್ ತೆಗೆಸಿ, ಆ ಪ್ರತಿಯದೇ ಇನ್ನೊಂದು ಜೆರಾಕ್ಸ್ ತೆಗೆಸಿ ಓದಿ. ಆಗಲೂ ಕಿಂಡಿಗಳು ತೆರೆದಿದ್ದರೆ ಆ ಫಾಂಟ್ ತರಗತಿಗೆ ತಕ್ಕದ್ದು.

ಮಾದರಿ ಹಾಳೆ ಹೇಳುವುದು, ಹೇಳದಿರುವುದು

ಅಕ್ಷರ ಮಾರುವವರು ತಮ್ಮ ಸರಕಿನ ಮಾದರಿ ಹಾಳೆ ಅಚ್ಚು ಹಾಕುವುದು ಹಳೆಯ ಪದ್ಧತಿ. ಫ್ರಾಂಕ್‌ಫರ್ಟಿನ ಎಗೆನಾಲ್ಫ್-ಬೆರ್ನರ್ ಅಚ್ಚುಮೊಳೆ ತಯಾರಕರು 1592ರಲ್ಲಿ ಹೊರಡಿಸಿದ ಒಂದು ಹಾಳೆಯಲ್ಲಿ ಕ್ಲೋಡ್ ಗ್ಯಾರಮಂಡ್ ಕೆತ್ತಿದ ಅಕ್ಷರಗಳು ಹಲವು ಗಾತ್ರಗಳಲ್ಲಿವೆ. ಇಬಿ ಗ್ಯಾರಮಂಡ್ ಎಂಬ ಹೆಸರಿನ ಇಬಿ ಆ ಎರಡು ಮನೆತನಗಳ ಮೊದಲಕ್ಷರಗಳು. ಗಿಯೋರ್ಗ್ ಡುಫ್ನರ್ ಆ ಹಾಳೆಯನ್ನೇ ಆಧಾರವಾಗಿಟ್ಟು ಈಗಿನ ಮುಕ್ತ ಫಾಂಟನ್ನು ರೂಪಿಸಿದರು.

ಹಾಳೆಯನ್ನು ಓದುವಾಗ ಅದು ಮಾರಾಟದ ಹಾಳೆ ಎಂಬುದನ್ನು ಮರೆಯಬಾರದು. ಲಂಡನ್ನಿನ ವಿಲಿಯಂ ಕ್ಯಾಸ್ಲನ್ 1734ರ ತನ್ನ ಪ್ರಸಿದ್ಧ ಹಾಳೆಯಲ್ಲಿ ಸಿಸೆರೋನ ಲ್ಯಾಟಿನ್ ಭಾಷಣವೊಂದನ್ನು ಗಾತ್ರ ಗಾತ್ರಕ್ಕೂ ಕೂರಿಸಿದ. ಆಮೇಲೆ ಇಂಗ್ಲೆಂಡಿನ ಅಕ್ಷರ ತಯಾರಕರಿಗೆ ಅದೇ ರೂಢಿಯಾಯಿತು. ಲ್ಯಾಟಿನ್ನಿನಲ್ಲಿ ಎಮ್, ಎನ್, ಯು ಅಕ್ಷರಗಳು ಹೆಚ್ಚು, ಕಂಬ ಬಾಲಗಳು ಕಡಿಮೆ. ಹಾಗಾಗಿ ಪುಟ ಸಮವಾಗಿ, ಶಾಂತವಾಗಿ ಕಾಣುತ್ತದೆ. ಅದೇ ಅಕ್ಷರದಲ್ಲಿ ಇಂಗ್ಲಿಷ್ ಕೂರಿಸಿದರೆ ಪುಟದ ಬಣ್ಣವೇ ಬೇರೆ. ಇಂದಿನ ಮಾದರಿಗಳಲ್ಲೂ ಅರ್ಥವಿಲ್ಲದ ಲ್ಯಾಟಿನ್ ಪಠ್ಯ ಧಾರಾಳವಾಗಿದೆ. ದೊಡ್ಡ ಗಾತ್ರ, ಸಡಿಲ ಅಂತರ, ಬೆಳ್ಳನೆಯ ಕಾಗದ, ನಾಲ್ಕೇ ಪದಗಳ ಶೀರ್ಷಿಕೆ ಇವೆಲ್ಲ ಫಾಂಟನ್ನು ಚೆಂದಗಾಣಿಸುತ್ತವೆ, ನಮ್ಮ ಪುಟದಲ್ಲಿ ಅದು ಹೇಗೆ ನಿಲ್ಲುತ್ತದೆ ಎಂದು ಹೇಳುವುದಿಲ್ಲ.

ಮಾದರಿ ಹಾಳೆಯಲ್ಲಿ ಮೊದಲು ಹುಡುಕಬೇಕಾದದ್ದು ಮೈಬರಹದ ಗಾತ್ರದಲ್ಲಿ ಕೂರಿಸಿದ ಪ್ಯಾರಾ. ಅದರ ಪಾಯಿಂಟ್ ಎಷ್ಟು, ಲೀಡಿಂಗ್ ಎಷ್ಟು ಎಂದು ನಮೂದಿಸಿದ್ದಾರೆಯೇ ನೋಡಿ. ಆಮೇಲೆ ಅಂಕಿಗಳು, ಕಂಸಗಳು, ಇಟಾಲಿಕ್, ಬೋಲ್ಡ್. ಮೈಬರಹದ ಪ್ಯಾರಾ ಇಲ್ಲದ ಹಾಳೆಯಿಂದ ಪುಸ್ತಕದ ಫಾಂಟನ್ನು ಆರಿಸಲಾಗದು. ಎಲ್ಲಕ್ಕಿಂತ ಒಳ್ಳೆಯದು ನಮ್ಮದೇ ಪಠ್ಯದ ಒಂದು ಪುಟವನ್ನು ಪ್ರತಿ ಫಾಂಟಿನಲ್ಲೂ ಕೂರಿಸಿ ನಮ್ಮದೇ ಮಾದರಿ ಹಾಳೆ ಮಾಡಿಕೊಳ್ಳುವುದು.

ಕನ್ನಡಕ್ಕೆ ಬಂದಾಗ

ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲ, ಎಕ್ಸ್-ಹೈಟ್ ಎಂಬ ಅಳತೆಯೂ ಇಲ್ಲ. ಆದರೂ ಪಾದರೇಖೆಯಿಂದ ತಲೆಕಟ್ಟಿನವರೆಗಿನ ಮೂಲಾಕ್ಷರದ ಎತ್ತರ ಓದಿನಲ್ಲಿ ಅದೇ ಕೆಲಸ ಮಾಡುತ್ತದೆ. 100 ಪಾಯಿಂಟಿನ ‘ರ’ ಅಕ್ಷರವನ್ನು ಅಳೆದು ಎರಡು ಕನ್ನಡ ಫಾಂಟುಗಳನ್ನು ಸಮ ಮಾಡಬಹುದು. ಗುಡಿಸು, ಏತ್ವಗಳು ಮೇಲಕ್ಕೆ ಏರುತ್ತವೆ, ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ. ಇಳಿತವೇ ಕನ್ನಡದ ಕಠಿಣ ಭಾಗ. ‘ರಾಷ್ಟ್ರ’, ‘ಸ್ತ್ರೀ’ ಎಂಬ ಪದಗಳಲ್ಲಿ ಒಂದು ಅಕ್ಷರಕ್ಕೆ ಎರಡು ಒತ್ತು. ಒಂದು ಸಾಲಿನಲ್ಲಿ ‘ರಾಷ್ಟ್ರ’ ಇಟ್ಟು, ಸರಿಯಾಗಿ ಅದರ ಕೆಳಗಿನ ಸಾಲಿನಲ್ಲಿ ‘ಕೀರ್ತಿ’ ಬರುವಂತೆ ಮಾಡಿ. ಮೇಲಿನ ಒತ್ತು ಕೆಳಗಿನ ಗುಡಿಸನ್ನು ತಾಗಿದರೆ ಲೀಡಿಂಗ್ ಸಾಲದು. ಒತ್ತಿನ ತುದಿ ಕತ್ತರಿಸಿದಂತೆ ಕಂಡರೆ ದೋಷ ಬೇರೆಡೆ ಇದೆ. ಕಡತದಲ್ಲಿ ಕೆಳಗಿನ ಜಾಗಕ್ಕೆ ಕೊಟ್ಟ ಅಂಕಿ ಕಡಿಮೆಯಾಗಿ, ತಂತ್ರಾಂಶ ಅದರಾಚೆಗಿನದನ್ನು ಕತ್ತರಿಸುತ್ತಿರಬಹುದು.

ಕೌಂಟರಿನ ಮಾತು ಕನ್ನಡದಲ್ಲಿ ಇನ್ನೂ ಸೂಕ್ಷ್ಮ. ದ, ಥ, ಧ ಮೂರನ್ನೂ ಪಕ್ಕ ಪಕ್ಕ ಬರೆಯಿರಿ. ದ ಅಕ್ಷರದ ಹೊಟ್ಟೆಯೊಳಗೆ ಚುಕ್ಕಿ ಬಿದ್ದರೆ ಥ, ಕೆಳಗೆ ಸೀಳು ಬಿದ್ದರೆ ಧ. ಪ, ಷ, ಫಗಳ ಕಥೆಯೂ ಹಾಗೆಯೇ, ಬ ಮತ್ತು ಭಗಳದ್ದೂ ಹಾಗೆಯೇ. ಇಂಗ್ಲಿಷಿನಲ್ಲಿ ಕಿಂಡಿ ಮುಚ್ಚಿದರೆ ಅಕ್ಷರ ಮಸುಕಾಗುತ್ತದೆ, ಇಲ್ಲಿ ಸೀಳು ಮುಚ್ಚಿದರೆ ಮಹಾಪ್ರಾಣವೇ ಅಲ್ಪಪ್ರಾಣವಾಗುತ್ತದೆ. ಒತ್ತಕ್ಷರದಲ್ಲಂತೂ ಪರೀಕ್ಷೆ ಇನ್ನೂ ಕಠಿಣ. ‘ಉದ್ದ’ ಮತ್ತು ‘ಉದ್ಧಾರ’ ಎರಡನ್ನೂ 10 ಪಾಯಿಂಟಿಗೆ ಇಟ್ಟು ನೋಡಿ. ವ್ಯತ್ಯಾಸವಿರುವುದು ಒತ್ತಿನ ಕೆಳಗಿನ ಒಂದು ಸೀಳಿನಲ್ಲಿ, ಒತ್ತು ಮೂಲಾಕ್ಷರಕ್ಕಿಂತ ಚಿಕ್ಕದು, ಸೀಳು ಅದಕ್ಕಿಂತ ಚಿಕ್ಕದು. ಮೈಬರಹಕ್ಕೆ ಕನ್ನಡ ಫಾಂಟ್ ಹುಡುಕುವವರು ಮೊದಲು ನೋಡಬೇಕಾದ ಜಾಗ ಇದು.

ಒಂದು ಪುಸ್ತಕದ ಲೆಕ್ಕ

ಹೈಸ್ಕೂಲ್ ಮಕ್ಕಳಿಗಾಗಿ ಕನ್ನಡದಲ್ಲಿ ವಿಜ್ಞಾನದ ಪುಸ್ತಕ ಬರುತ್ತಿದೆ ಎಂದಿಟ್ಟುಕೊಳ್ಳೋಣ. 1/8 ಡೆಮಿ ಆಕಾರ, ಮ್ಯಾಪ್ಲಿಥೋ ಕಾಗದ, ಕನ್ನಡ ಸಾಲುಗಳ ನಡುವೆ ಅಲ್ಲಲ್ಲಿ ಇಂಗ್ಲಿಷ್ ಪದಗಳು, ಇಸವಿ ಮತ್ತು ಅಳತೆಗಳು ಬಹಳ. ಕನ್ನಡ ಫಾಂಟ್ ಆಯ್ಕೆಯಾಗಿದೆ, 12 ಪಾಯಿಂಟಿಗೆ ಕೂರುತ್ತದೆ. ಇಂಗ್ಲಿಷಿಗೆ ಟೈಮ್ಸ್, ಜಾರ್ಜಿಯಾ, ಇಬಿ ಗ್ಯಾರಮಂಡ್ ಮೂರರಲ್ಲಿ ಒಂದನ್ನು ಆರಿಸಬೇಕು.

ಮೊದಲ ಹೆಜ್ಜೆ ಅಳತೆ. ಕನ್ನಡ ಫಾಂಟಿನ ‘ರ’ 100 ಪಾಯಿಂಟಿನಲ್ಲಿ 20 ಮಿ.ಮೀ. ಬಂತು ಎನ್ನೋಣ, 12 ಪಾಯಿಂಟಿಗೆ ಅದು 2.4 ಮಿ.ಮೀ. ಇಂಗ್ಲಿಷಿನಲ್ಲಿ ಸಣ್ಣಕ್ಷರದ ಎತ್ತರವೂ ಇದೆ, ದೊಡ್ಡಕ್ಷರದ ಎತ್ತರವೂ ಇದೆ. ಕನ್ನಡಕ್ಕೆ ಸಣ್ಣಕ್ಷರವನ್ನು ಸರಿಗಟ್ಟಿಸಿದರೆ ದೊಡ್ಡಕ್ಷರಗಳು ಪುಟದಲ್ಲಿ ಎದ್ದು ನಿಲ್ಲುತ್ತವೆ, ದೊಡ್ಡಕ್ಷರವನ್ನು ಸರಿಗಟ್ಟಿಸಿದರೆ ಇಂಗ್ಲಿಷ್ ಪದ ಕುಗ್ಗಿ ಹೋಗುತ್ತದೆ. ಕನ್ನಡದ ಎತ್ತರ ಆ ಎರಡರ ನಡುಮಧ್ಯಕ್ಕೆ ಬರುವಂತೆ ಇಟ್ಟು ಶುರುಮಾಡುವುದು ಒಳ್ಳೆಯದು. ಜಾರ್ಜಿಯಾದ ದೊಡ್ಡಕ್ಷರ 100 ಪಾಯಿಂಟಿನಲ್ಲಿ 24.4 ಮಿ.ಮೀ., ಸಣ್ಣಕ್ಷರ 17. ನಡುಮಧ್ಯ 20.7. ಅದು 2.4 ಮಿ.ಮೀ. ಆಗಬೇಕಾದರೆ ಜಾರ್ಜಿಯಾ 11.6 ಪಾಯಿಂಟಿಗೆ ಕೂರಬೇಕು. ಇದೇ ಲೆಕ್ಕದಲ್ಲಿ ಟೈಮ್ಸ್‌ಗೆ 12.3, ಗ್ಯಾರಮಂಡ್‌ಗೆ 13. ಈಗ ಮೂರನ್ನೂ ಈ ಗಾತ್ರಗಳಲ್ಲಿ ಒಂದೊಂದು ಪುಟಕ್ಕೆ ಕೂರಿಸಿ ಪ್ರಿಂಟ್ ತೆಗೆಯಬೇಕು. ಲೀಡಿಂಗ್ ಮೂರಕ್ಕೂ ಒಂದೇ ಇರಲಿ, ಅದನ್ನು ಕನ್ನಡದ ಒತ್ತುಗಳ ಇಳಿತ ನೋಡಿ ಅಂಕಿಯಲ್ಲಿ ಕೊಟ್ಟಿರಬೇಕು. ಹಾಗೆ ಕೊಡದಿದ್ದರೆ ಇಂಗ್ಲಿಷ್ ಪದ ಬಂದ ಸಾಲುಗಳು ಉಳಿದವುಗಳಿಂದ ತುಸು ದೂರ ಸರಿದು ನಿಲ್ಲಬಹುದು.

ಎರಡನೆಯ ಹೆಜ್ಜೆ ಕಣ್ಣು. ಗ್ಯಾರಮಂಡ್ ಸುಂದರ ಅಕ್ಷರ, ಇಂಗ್ಲಿಷ್ ಮಾತ್ರವೇ ಇರುವ ಪುಸ್ತಕದಲ್ಲಿ ಅದರ ಉದ್ದ ಕಂಬಗಳು ಪುಟಕ್ಕೆ ಉಸಿರು ಕೊಡುತ್ತವೆ. ಆದರೆ ಅದರ ಇ ಅಕ್ಷರದ ಕಿಂಡಿ ಬಲು ಕಿರಿದು, ಎರಡು ಬಾರಿ ಜೆರಾಕ್ಸ್ ಆದರೆ ಮುಚ್ಚುತ್ತದೆ. ಈ ಪುಸ್ತಕಕ್ಕೆ ಅದು ಬೇಡ. ಟೈಮ್ಸಿನ ಅಂಕಿಗಳು ಪಾದರೇಖೆಯ ಮೇಲೆ ಒಂದೇ ಎತ್ತರಕ್ಕೆ ನಿಲ್ಲುತ್ತವೆ, ಅಳತೆಯ ಪಟ್ಟಿಗಳಿಗೆ ಅನುಕೂಲ. ಅದರ ತೆಳುಗೆರೆಗಳು ಮಾತ್ರ ಬಹಳ ತೆಳು. ಸಮದಪ್ಪದ ಗೆರೆಯ ಕನ್ನಡ ಅಕ್ಷರಗಳ ಪಕ್ಕದಲ್ಲಿ ಆ ಪದಗಳು ಪೇಲವವಾಗಿ ಕಾಣುತ್ತವೆ. ಜಾರ್ಜಿಯಾದ ಗೆರೆಗಳು ಗಟ್ಟಿ, ಕಿಂಡಿಗಳು ವಿಶಾಲ, ಕನ್ನಡದ ಬಣ್ಣಕ್ಕೆ ಹೊಂದುತ್ತವೆ.

ಜಾರ್ಜಿಯಾಕ್ಕೂ ಒಂದು ತೊಡಕಿದೆ, ಅದು ಅಂಕಿಗಳಲ್ಲಿದೆ. ಜಾರ್ಜಿಯಾದ ಅಂಕಿಗಳು ಹಳೆಯ ಶೈಲಿಯವು. 3, 4, 5, 7, 9 ಪಾದರೇಖೆಯ ಕೆಳಗೆ ಇಳಿಯುತ್ತವೆ, 6 ಮತ್ತು 8 ಮೇಲೇರುತ್ತವೆ. ಇಂಗ್ಲಿಷ್ ವಾಕ್ಯದ ನಡುವೆ ಅದು ಸೊಗಸು. ಕನ್ನಡ ಸಾಲಿನಲ್ಲಿ ಕೆಳಗಿಳಿದದ್ದೆಲ್ಲ ಒತ್ತಿನಂತೆ ಕಾಣುತ್ತದೆ, ಅಳತೆಯ ಪಟ್ಟಿಯಲ್ಲಿ ಅಂಕಿಗಳು ಕುಣಿದಂತಿರುತ್ತವೆ. ಆದ್ದರಿಂದ ಅಂಕಿಗಳನ್ನು ಮಾತ್ರ ಕನ್ನಡ ಫಾಂಟಿನಿಂದಲೇ ತೆಗೆದುಕೊಂಡು, ಇಂಗ್ಲಿಷ್ ಪದಗಳಿಗೆ ಜಾರ್ಜಿಯಾವನ್ನು 11.5 ಪಾಯಿಂಟಿಗೆ ಇಡುವುದು ಈ ಪುಸ್ತಕಕ್ಕೆ ಸರಿಹೊಂದುವ ಉತ್ತರ. ಡಿಟಿಪಿ ಮಾಡುವವರಿಗೆ ಈ ಸೂಚನೆಯನ್ನು ಬರೆದುಕೊಡಬೇಕು, ಬಾಯಿಮಾತಿನಲ್ಲಿ ಹೇಳಿದರೆ ಹತ್ತನೆಯ ಪುಟಕ್ಕೆ ಮರೆತುಹೋಗುತ್ತದೆ.

ಬೇರೆ ಪುಸ್ತಕಕ್ಕೆ ಉತ್ತರ ಬೇರೆಯಾಗುತ್ತದೆ. ನುಣುಪು ಕಾಗದದ ಕಲಾಪುಸ್ತಕದಲ್ಲಿ ಗ್ಯಾರಮಂಡ್ ಗೆಲ್ಲಬಹುದು, ಅಂಕಣ ಕಿರಿದಾದ ಪತ್ರಿಕೆಯಲ್ಲಿ ಟೈಮ್ಸ್ ಗೆಲ್ಲಬಹುದು. ಯಾವುದು ಗೆದ್ದರೂ ಆ ಅಳತೆಗಳನ್ನೂ ಮೂರು ಮಾದರಿ ಪುಟಗಳನ್ನೂ ಪುಸ್ತಕದ ಕಡತದಲ್ಲಿ ಇಟ್ಟುಕೊಳ್ಳಿ. ಎರಡನೆಯ ಮುದ್ರಣದ ಹೊತ್ತಿಗೆ ಕಾಗದ ಬದಲಾಗಿರಬಹುದು, ಮುದ್ರಣಾಲಯ ಬದಲಾಗಿರಬಹುದು. ಆಗ ಮತ್ತೆ ಪಟ್ಟಿಯ ಮುಂದೆ ಕೂರಬೇಕಿಲ್ಲ. ಹೊಸ ಕಾಗದದ ಮೇಲೆ ಅದೇ ಪುಟಗಳ ಪ್ರೂಫ್ ತೆಗೆಸಿ, ‘ಉದ್ಧಾರ’ದ ಸೀಳೂ ಇ ಅಕ್ಷರದ ಕಿಂಡಿಯೂ ತೆರೆದಿವೆಯೇ ಎಂದು ನೋಡಿದರೆ ಸಾಕು.